‘ಅಜ್ಜಾರೆ, ನೀವು ಆರಾಮಾಗಿರಿ’: ನಿವೃತ್ತಿಗೆ ಮುಂಚೆ ಕೈ ತಪ್ಪುವ ಕೆಲಸ

ಆಫೀಸಿನಲ್ಲಿ ವಯಸ್ಸಿನ ಬಗ್ಗೆ ಗೇಲಿ ಮಾಡಿದರು ಅಂತ ದೂರು ಕೊಡಲು ನಮ್ಮ ದೇಶದಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ಕೊಟ್ಟರೆ 2013ರ ಕಾಯ್ದೆ ಇದೆ. ಸಂವಿಧಾನದ 15 ಮತ್ತು 16ನೇ ವಿಧಿಗಳು ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳ ಅಂತ ಒಂದೊಂದಾಗಿ ಹೆಸರು ಹೇಳಿ ತಾರತಮ್ಯ ಬೇಡ ಅನ್ನುತ್ತವೆ. ಆ ಸಾಲಿನಲ್ಲಿ ವಯಸ್ಸು ಇಲ್ಲ. ಇದ್ದಿದ್ದರೂ ಆ ವಿಧಿಗಳು ಮುಖ್ಯವಾಗಿ ಸರ್ಕಾರವನ್ನು ಕಟ್ಟಿಹಾಕುವಂಥವು, ಖಾಸಗಿ ಮಾಲೀಕರನ್ನಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆ ಇದೆಯಲ್ಲ ಅಂತೀರಾ? ಅದು ಮುಖ್ಯವಾಗಿ ಮಕ್ಕಳಿಂದ ಜೀವನಾಂಶ ಕೊಡಿಸುವುದಕ್ಕೆ. ಅದರಲ್ಲೂ ಹಿರಿಯ ನಾಗರಿಕರು ಅಂದರೆ 60 ತುಂಬಿದವರು. ಅಂದರೆ 57 ವರ್ಷದವರು ಆಫೀಸಿನಲ್ಲಿ ಅಜ್ಜ, ಕಾನೂನಿನ ಲೆಕ್ಕದಲ್ಲಿ ಇನ್ನೂ ಹಿರಿಯರೂ ಅಲ್ಲ!

ಹಾಗಾದರೆ ದಾರಿಯೇ ಇಲ್ವಾ? ಇದೆ. ಆದರೆ ಅದು ಗೇಲಿಯ ಕಡೆಯಿಂದ ಹೋಗುವುದಿಲ್ಲ, ಕೆಲಸದ ಕಡೆಯಿಂದ ಹೋಗುತ್ತದೆ. ‘ನನ್ನನ್ನು ಮುದುಕ ಅಂದರು’ ಅನ್ನುವ ದೂರನ್ನು ಯಾರು ಬೇಕಾದರೂ ತಮಾಷೆ ಅಂತ ತಳ್ಳಿಹಾಕಬಹುದು. ‘ನಾನು ಮಾಡುತ್ತಿದ್ದ ಕೆಲಸವನ್ನು ಇಂಥ ದಿನ ಆದೇಶ ಇಲ್ಲದೆ ತೆಗೆದರು’ ಅನ್ನುವುದನ್ನು ಹಾಗೆ ತಳ್ಳಿಹಾಕಲು ಆಗುವುದಿಲ್ಲ. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ದಾವಣಗೆರೆಯಲ್ಲಿ ಗೊಬ್ಬರ, ಬಿತ್ತನೆ ಬೀಜದ ಹೋಲ್‌ಸೇಲ್ ವ್ಯಾಪಾರ ಮಾಡುವ ಒಂದು ಸಂಸ್ಥೆ ಅಂದುಕೊಳ್ಳಿ. ಹರಿಹರ, ಜಗಳೂರು, ಹಿರಿಯೂರಿನಲ್ಲಿ ಡಿಪೋಗಳಿವೆ, ಮೂವತ್ತು ಚಿಲ್ಲರೆ ಜನ ಸಿಬ್ಬಂದಿ. ಅಲ್ಲಿ ಲೆಕ್ಕ ನೋಡಿಕೊಳ್ಳುವವರಿಗೆ 57 ವರ್ಷ, 28 ವರ್ಷದ ಸರ್ವಿಸ್. ನೇಮಕಾತಿ ಪತ್ರದ ಪ್ರಕಾರ 60ಕ್ಕೆ ನಿವೃತ್ತಿ. ದೊಡ್ಡ ಯಜಮಾನರು ಅಂಗಡಿಗೆ ಬರುವುದು ಕಡಿಮೆಯಾಗಿದೆ. ಬೆಂಗಳೂರಿನಲ್ಲಿ ಓದಿಕೊಂಡು ಬಂದ ಮಗ ವ್ಯವಹಾರ ಹಿಡಿದಿದ್ದಾನೆ. ಮೂವತ್ತರ ಆಸುಪಾಸಿನ ಒಬ್ಬ ಮ್ಯಾನೇಜರನ್ನೂ ತಂದಿದ್ದಾನೆ.

ಈ ಹಿರಿಯರ ಕೈಯಲ್ಲಿ ಮೂರು ಮುಖ್ಯ ಕೆಲಸ ಇದ್ದವು. ಒಂದು, ಸರಕಿನ ಆಧಾರದ ಮೇಲೆ ಸಾಲ ಕೊಡುವ ಬ್ಯಾಂಕಿನ ಸಿಸಿ ಖಾತೆಗೆ ತಿಂಗಳಿಗೊಮ್ಮೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡುವುದು. ಎರಡು, ಜಿಎಸ್‌ಟಿ ಲೆಕ್ಕ ತಾಳೆ ನೋಡುವುದು. ಮೂರನೆಯದು ವಸೂಲಿ. ಯಾವ ಊರಿನ ಅಂಗಡಿಯವರು ಎಷ್ಟು ಸಾಲ ತಡೆದುಕೊಳ್ಳುತ್ತಾರೆ, ಯಾರು ಮೆಕ್ಕೆಜೋಳ ಮಾರಾಟವಾಗಿ ರೈತರಿಂದ ದುಡ್ಡು ಬಂದ ಮೇಲೇ ಬಾಕಿ ತೀರಿಸುತ್ತಾರೆ, ಯಾರಿಗೆ ಎರಡನೇ ಲೋಡ್ ಕಳಿಸಬಾರದು, ಇದೆಲ್ಲ ಅವರ ತಲೆಯಲ್ಲಿತ್ತು. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಬಾಕಿ ಮೊತ್ತ ಕಾಣುತ್ತದೆ, ಅದು ಬರುತ್ತದೋ ಇಲ್ಲವೋ ಅನ್ನುವುದು ಕಾಣುವುದಿಲ್ಲ.

ಮೊದಲು ಶುರುವಾದದ್ದು ಮಾತು. ‘ಅಜ್ಜಾರೆ, ಎಂಟರ್ ಬಟನ್ ಎಲ್ಲೈತಿ ಗೊತ್ತಾತಾ?’ ‘ಇವರ ಕಾಲದಾಗ ಬಿಲ್ ತಾಳೆಗರಿ ಮ್ಯಾಲೆ ಬರೀತಿದ್ರು.’ ಎಲ್ಲರೂ ನಕ್ಕರು, ಅವರೂ ನಕ್ಕರು. ನಗದೇ ಏನು ಮಾಡುವುದು? ಸಿಟ್ಟು ಮಾಡಿಕೊಂಡರೆ ‘ಪಾಪ, ವಯಸ್ಸಾಯ್ತಲ್ಲ, ಸೆಡವು ಜಾಸ್ತಿ’ ಅಂತಾರೆ. ಅದೂ ವಯಸ್ಸಿನ ಲೆಕ್ಕಕ್ಕೇ ಹೋಗುತ್ತದೆ.

ಆಮೇಲೆ ಸೋಮವಾರದ ಮೀಟಿಂಗಿಗೆ ಕರೆಯುವುದು ನಿಂತಿತು. ‘ನಿಮಗ್ಯಾಕೆ ತೊಂದರೆ’ ಅಂದರು. ಹೊಸ ವಾಟ್ಸ್‌ಆ್ಯಪ್ ಗ್ರೂಪ್ ಆಯಿತು, ಅದರಲ್ಲಿ ಅವರಿಲ್ಲ. ಹೊಸ ಹುಡುಗನಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಮಾಡುವುದನ್ನು ಒಂದು ವಾರ ಹೇಳಿಕೊಡಿ ಅಂದರು, ಹೇಳಿಕೊಟ್ಟರು. ವಾರ ಮುಗಿದ ಮೇಲೂ ಆ ಕೆಲಸ ವಾಪಸ್ ಬರಲಿಲ್ಲ. ಒಂದು ಬೆಳಗ್ಗೆ ಟ್ಯಾಲಿ ತೆರೆದರೆ ಎಂಟ್ರಿ ಹಾಕಲು ಬರುತ್ತಿಲ್ಲ, ನೋಡಲು ಮಾತ್ರ ಬರುತ್ತಿದೆ. ಕೇಳಿದರೆ ‘ಸೆಕ್ಯೂರಿಟಿ ಸೆಟ್ಟಿಂಗ್ ಸಾರ್’ ಅನ್ನುವ ಉತ್ತರ. ಕೊನೆಗೆ ಗೋಡೌನ್ ಪಕ್ಕದ ರೂಮಿನಲ್ಲಿ ಹಳೆ ಬಿಲ್ಲುಗಳನ್ನು ವರ್ಷವಾರು ಜೋಡಿಸುವ ಕೆಲಸ. ಮಾರ್ಚಿನ ವರದಿಯಲ್ಲಿ ಹೀಗೆ ಬಂತು: ‘ಡಿಜಿಟಲ್ ಕೆಲಸದಲ್ಲಿ ನಿಧಾನ, ತಂಡದ ಜೊತೆ ಬೆರೆಯುವುದಿಲ್ಲ.’ ಕೆಲಸ ಕಿತ್ತುಕೊಂಡು, ಗ್ರೂಪಿನಿಂದ ಹೊರಗಿಟ್ಟು, ಬೆರೆಯುವುದಿಲ್ಲ ಅಂತ ಬರೆಯುವುದು! ಇಲ್ಲಿ ಗೇಲಿ ಮಾಡಿದ ಕೆಲಸ ಏನು ಅನ್ನುವುದು ಕಾಣುತ್ತದೆ. ತಮಾಷೆಯಾಗಿ ಆಡಿದ ಮಾತೇ ಆರು ತಿಂಗಳ ನಂತರ ವರದಿಯ ವಾಕ್ಯವಾಗಿ ಬಂದಾಗ ಯಾರಿಗೂ ಹೊಸದು ಅನ್ನಿಸುವುದಿಲ್ಲ. ಎಲ್ಲರೂ ಅದನ್ನು ಕೇಳಿ ನಕ್ಕವರೇ.

ಚಿಕ್ಕ ವಯಸ್ಸಿನ ಮ್ಯಾನೇಜರನ್ನೂ ಸ್ವಲ್ಪ ಅರ್ಥ ಮಾಡಿಕೊಳ್ಳಬೇಕು. ನಮ್ಮ ಕಡೆ ಅಪ್ಪನ ವಯಸ್ಸಿನವರಿಗೆ ‘ಇದು ತಪ್ಪು, ಮತ್ತೆ ಮಾಡಿ’ ಅಂತ ಹೇಳುವುದು ಸುಲಭ ಅಲ್ಲ. ಬಾಯಿಗೆ ಬರುವುದೇ ಇಲ್ಲ. ನೇರವಾಗಿ ಹೇಳಲಾಗದ್ದನ್ನು ತಮಾಷೆ ಮಾಡಿ ಹೇಳುತ್ತಾರೆ. ಇಲ್ಲ ಅಂದರೆ ಹೇಳುವುದೇ ಬೇಡ ಅಂತ ಆ ಕೆಲಸವನ್ನು ಬೇರೆಯವರಿಗೆ ಕೊಟ್ಟುಬಿಡುತ್ತಾರೆ. ಹಿರಿಯರದ್ದೂ ತಪ್ಪಿರುತ್ತದೆ. ‘ನೀನು ಚಡ್ಡಿ ಹಾಕ್ಕೊಂಡು ಅಂಗಡಿಗೆ ಬರ್ತಿದ್ದಾಗ್ಲಿಂದ ನೋಡೀನಿ’ ಅಂತ ನಾಲ್ಕು ಜನರ ಮುಂದೆ ಮಾಲೀಕರ ಮಗನಿಗೆ ಅಂದರೆ, ಅದೂ ವಯಸ್ಸಿನ ಗೇಲಿಯೇ ಅಲ್ವಾ? ಆದರೆ ಒಂದು ವ್ಯತ್ಯಾಸ ಇದೆ. ಹಿರಿಯರ ಮಾತಿನಿಂದ ಹುಡುಗನ ಕೆಲಸ ಹೋಗುವುದಿಲ್ಲ.

ಹಸ್ತಾಂತರವೋ, ಮೂಲೆಗುಂಪೋ

ನಿವೃತ್ತಿಗೆ ಮೂರು ವರ್ಷ ಇರುವವರಿಂದ ಕೆಲಸ ಬೇರೆಯವರಿಗೆ ದಾಟಿಸುವುದು ತಪ್ಪೇನಲ್ಲ. ದಾಟಿಸದೇ ಬಿಟ್ಟರೆ ಸಂಸ್ಥೆಗೇ ಕಷ್ಟ. ಹಾಗಾಗಿ ಎಲ್ಲ ಬದಲಾವಣೆಯನ್ನೂ ಅನ್ಯಾಯ ಅಂದುಕೊಳ್ಳಬಾರದು. ಎರಡನ್ನೂ ಬೇರೆ ಮಾಡಿ ನೋಡುವುದು ಹೇಗೆ?

ನಿಜವಾದ ಹಸ್ತಾಂತರಕ್ಕೆ ತಾರೀಕು ಇರುತ್ತದೆ. ಯಾವ ಕೆಲಸ, ಯಾರಿಗೆ, ಯಾವಾಗಿನಿಂದ ಅಂತ ಬರವಣಿಗೆಯಲ್ಲಿ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದಾದ ಮೇಲೆ ಹಿರಿಯರು ಏನು ಮಾಡಬೇಕು ಅನ್ನುವುದೂ ಇರುತ್ತದೆ. ನಮ್ಮ ಉದಾಹರಣೆಯಲ್ಲಿ ಮ್ಯಾನೇಜರ್ ‘ಸ್ಟಾಕ್ ಸ್ಟೇಟ್‌ಮೆಂಟ್ ಇನ್ನು ಹುಡುಗ ಮಾಡಲಿ. ನೀವು ಮೂರು ಡಿಪೋಗಳ ಬಾಕಿ ವಸೂಲಿ ನೋಡಿ, ಅಂಗಡಿಯವರ ಪರಿಚಯ ಬರೆದಿಡಿ’ ಅಂದಿದ್ದರೆ ಅದು ಹಸ್ತಾಂತರ. ಕೆಲಸ ಹೋಯಿತು, ಬದಲಿಗೆ ಏನೂ ಬರಲಿಲ್ಲ ಅಂದರೆ ಅದು ಮೂಲೆಗುಂಪು. ಇನ್ನೊಂದು ಪರೀಕ್ಷೆ ತಪ್ಪುಗಳದ್ದು. ಅದೇ ತಪ್ಪನ್ನು ಹುಡುಗ ಮಾಡಿದಾಗ ‘ಕಲೀತಾನೆ ಬಿಡಿ’, ಹಿರಿಯರು ಮಾಡಿದಾಗ ‘ವಯಸ್ಸಾಯ್ತು’ ಅನ್ನುತ್ತಿದ್ದರೆ ವಿಷಯ ಕೆಲಸದ್ದಲ್ಲ.

‘ವಯಸ್ಸಾದವರು ಹೊಸದು ಕಲಿಯಲ್ಲ’ ಅನ್ನುವ ಮಾತಿನ ಹತ್ತಿರ ಸ್ವಲ್ಪ ನಿಲ್ಲೋಣ. ಥಾಮಸ್ ಎನ್‌ಜಿ, ಡೇನಿಯಲ್ ಫೆಲ್ಡ್‌ಮನ್ ಎಂಬ ಇಬ್ಬರು ಸಂಶೋಧಕರು 2012ರಲ್ಲಿ ಆವರೆಗೆ ಆಗಿದ್ದ ನೂರಾರು ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದರು. ಹಿರಿಯ ನೌಕರರಿಗೆ ಹುಮ್ಮಸ್ಸು ಕಡಿಮೆ, ಬದಲಾವಣೆ ಬೇಡ ಅಂತಾರೆ, ಬೇರೆಯವರನ್ನು ನಂಬಲ್ಲ, ಆರೋಗ್ಯ ಸರಿ ಇರಲ್ಲ, ಮನೆ ಸಮಸ್ಯೆ ಆಫೀಸಿಗೆ ತರುತ್ತಾರೆ, ತರಬೇತಿಗೆ ಆಸಕ್ತಿ ತೋರಿಸಲ್ಲ ಎಂಬ ಆರು ನಂಬಿಕೆಗಳನ್ನು ಪರೀಕ್ಷಿಸಿದರು. ಐದಕ್ಕೆ ಆಧಾರ ಸಿಗಲಿಲ್ಲ. ಸಿಕ್ಕಿದ್ದು ತರಬೇತಿಯ ವಿಷಯದಲ್ಲಿ ಮಾತ್ರ, ಅದೂ ಸಣ್ಣ ಮಟ್ಟಿಗೆ.

ಆ ಒಂದರಲ್ಲೇ ಹಿರಿಯರು ಸಿಕ್ಕಿಬೀಳುವುದು. ಹೊಸ ಸಾಫ್ಟ್‌ವೇರಿನ ತರಬೇತಿಗೆ ನಾಲ್ಕು ಜನರ ಹೆಸರು ಹೋಗುತ್ತದೆ, ಇವರದ್ದು ಹೋಗುವುದಿಲ್ಲ. ಇವರೂ ‘ಇನ್ನು ಮೂರು ವರ್ಷಕ್ಕೆ ನನಗ್ಯಾಕೆ’ ಅಂತ ಸುಮ್ನಿರುತ್ತಾರೆ. ವರ್ಷ ಕಳೆದ ಮೇಲೆ ಆ ಸಾಫ್ಟ್‌ವೇರ್ ಬರದವರು ಅವರೊಬ್ಬರೇ. ಕರೆಯದೇ ಇದ್ದದ್ದು ಯಾರಿಗೂ ನೆನಪಿರುವುದಿಲ್ಲ, ಬರುವುದಿಲ್ಲ ಅನ್ನುವುದು ಮಾತ್ರ ಕಾಣುತ್ತದೆ. ಅದಕ್ಕೇ ನಾನು ಹೇಳುವುದು, ಮೂಲೆಗುಂಪಾಗುತ್ತಿರುವ ಸೂಚನೆ ಸಿಕ್ಕ ದಿನ ಮಾಡಬೇಕಾದ ಮೊದಲ ಕೆಲಸ ದೂರು ಕೊಡುವುದಲ್ಲ. ತರಬೇತಿ ಕೊಡಿ ಅಂತ ಬರವಣಿಗೆಯಲ್ಲಿ ಕೇಳುವುದು. ಕೊಟ್ಟರೆ ಕಲಿತ ಹಾಗಾಯಿತು. ಕೊಡದಿದ್ದರೆ, ಕೇಳಿದ ದಾಖಲೆ ಉಳಿಯಿತು.

ಆ ಪತ್ರ ಹೇಗಿರಬೇಕು? ಅವಮಾನದ ಮಾತೇ ಇರಬಾರದು. ಹೀಗೆ ಬರೆದರೆ ಸಾಕು:

‘ಇಂಥ ತಾರೀಕಿನಿಂದ ಬ್ಯಾಂಕಿನ ಸ್ಟಾಕ್ ಸ್ಟೇಟ್‌ಮೆಂಟ್ ಕೆಲಸವನ್ನು ನನ್ನಿಂದ ಬೇರೆಯವರಿಗೆ ವಹಿಸಲಾಗಿದೆ. ಇಂಥ ತಾರೀಕಿನಿಂದ ಟ್ಯಾಲಿಯಲ್ಲಿ ಎಂಟ್ರಿ ಹಾಕುವ ಅವಕಾಶ ನನಗಿಲ್ಲ. ಇವುಗಳ ಬಗ್ಗೆ ಲಿಖಿತ ಸೂಚನೆ ಬಂದಿಲ್ಲ. ಈಗ ನನ್ನ ಜವಾಬ್ದಾರಿ ಏನು ಎಂದು ದಯವಿಟ್ಟು ತಿಳಿಸಿ. ಹೊಸ ಸಾಫ್ಟ್‌ವೇರ್ ತರಬೇತಿಗೆ ನನ್ನ ಹೆಸರನ್ನೂ ಸೇರಿಸಿ.’

ಇದನ್ನು ಕಂಪನಿಯ ಇಮೇಲಿನಲ್ಲಿ ಕಳಿಸಬಹುದು. ಕಾಗದದಲ್ಲಿ ಕೊಟ್ಟರೆ ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಬೇಕು. ಉತ್ತರ ಬರುವುದು ಅನುಮಾನ. ಬರದಿದ್ದರೂ ಪತ್ರ ಅದರ ಕೆಲಸ ಮಾಡುತ್ತದೆ. ಮಾರ್ಚಿನಲ್ಲಿ ‘ನಿಧಾನ’ ಅಂತ ಬರೆಯುವ ಮುಂಚೆ ಮ್ಯಾನೇಜರ್ ಎರಡು ಸಲ ಯೋಚಿಸುತ್ತಾನೆ.

ಗೇಲಿಯನ್ನೂ ಬರೆದಿಟ್ಟುಕೊಳ್ಳಬೇಕು, ಆದರೆ ಮನೆಯ ಡೈರಿಯಲ್ಲಿ. ತಾರೀಕು, ಆಡಿದ ಮಾತು ಇದ್ದ ಹಾಗೇ, ಅಲ್ಲಿ ಯಾರಿದ್ದರು. ‘ತುಂಬಾ ಅವಮಾನ ಮಾಡಿದರು’ ಅಂತ ಬರೆದರೆ ಮುಂದೆ ಪ್ರಯೋಜನಕ್ಕೆ ಬರುವುದಿಲ್ಲ. ತಮ್ಮ ಮೊಬೈಲಿಗೆ ಬಂದ ಮೆಸೇಜುಗಳನ್ನು ಅಳಿಸಬಾರದು. ಇಲ್ಲಿ ಒಂದು ಎಚ್ಚರಿಕೆ ಬೇಕು. ಸಿಟ್ಟಿನಲ್ಲಿ ಲೆಡ್ಜರ್, ಗಿರಾಕಿಗಳ ಪಟ್ಟಿ, ಬ್ಯಾಂಕ್ ಕಾಗದ ಎಲ್ಲವನ್ನೂ ತಮ್ಮ ಸ್ವಂತ ಇಮೇಲಿಗೆ ಕಳಿಸಿಕೊಳ್ಳುವವರಿದ್ದಾರೆ. ಹಾಗೆ ಮಾಡಿದರೆ ಕಂಪನಿಯ ಮಾಹಿತಿ ಕದ್ದರು ಅನ್ನುವ ಆರೋಪಕ್ಕೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಅಲ್ಲಿಗೆ ವಯಸ್ಸಿನ ವಿಷಯ ಮುಗಿದು, ಕಳ್ಳತನದ ವಿಷಯ ಶುರುವಾಗುತ್ತದೆ.

ಯಾರ ಹತ್ತಿರ ಹೋಗಬಹುದು

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1947ರ ಕೈಗಾರಿಕಾ ವಿವಾದ ಕಾಯ್ದೆಯ ಜಾಗದಲ್ಲಿ ಈಗ ಕೈಗಾರಿಕಾ ಸಂಬಂಧಗಳ ಸಂಹಿತೆ ಇದೆ. ಅದರ ಪ್ರಕಾರ 20 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಯಲ್ಲಿ ಕುಂದುಕೊರತೆ ಪರಿಹಾರ ಸಮಿತಿ ಇರಲೇಬೇಕು. ಮಾಲೀಕರ ಕಡೆಯವರು ಎಷ್ಟು ಜನರೋ, ಕೆಲಸಗಾರರ ಕಡೆಯವರೂ ಅಷ್ಟೇ ಜನ ಅದರಲ್ಲಿರಬೇಕು. ಘಟನೆ ನಡೆದ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು, ಸಮಿತಿ 30 ದಿನದಲ್ಲಿ ವಿಚಾರ ಮುಗಿಸಬೇಕು. ಒಬ್ಬರ ವೈಯಕ್ತಿಕ ದೂರಿಗೆ ಇದೇ ಮೊದಲ ಬಾಗಿಲು.

ತೀರ್ಮಾನ ಒಪ್ಪಿಗೆ ಆಗದಿದ್ದರೆ 60 ದಿನದೊಳಗೆ ಸಂಧಾನ ಅಧಿಕಾರಿಯ ಬಳಿ ಹೋಗಬಹುದು. ಆದರೆ ತಾವು ಸದಸ್ಯರಾಗಿರುವ ಯೂನಿಯನ್ ಮೂಲಕ ಹೋಗಬೇಕು ಅನ್ನುತ್ತದೆ ಸಂಹಿತೆ. ನಮ್ಮ ಊರಿನಲ್ಲಿ ತೊಡಕು ಬರುವುದು ಇಲ್ಲೇ. ಕಾಟನ್ ಮಿಲ್ಲುಗಳು ನಡೆಯುತ್ತಿದ್ದ ಕಾಲದಲ್ಲಿ ದಾವಣಗೆರೆಯವರಿಗೆ ಯೂನಿಯನ್ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಿಲ್ ಕಾರ್ಮಿಕರ ನಾಯಕರಾಗಿದ್ದ ಪಂಪಾಪತಿ ಇಲ್ಲಿಂದ ಶಾಸಕರಾಗಿದ್ದವರು. ಮಿಲ್ಲುಗಳು ಮುಚ್ಚಿದ ಮೇಲೆ ಏಜೆನ್ಸಿ, ಶೋರೂಮು, ಗೋಡೌನುಗಳಲ್ಲಿ ಕೂತು ಲೆಕ್ಕ ಬರೆಯುವವರಿಗೆ ಯೂನಿಯನ್ನಿನ ಪರಿಚಯವೇ ಇಲ್ಲ. ಯೂನಿಯನ್ ಇಲ್ಲದ ಕಡೆ ಸಮಿತಿಯ ಮುಂದೆ ಕೊಟ್ಟ ಅರ್ಜಿ, ಅದರ ಸ್ವೀಕೃತಿ ಎರಡನ್ನೂ ಜೋಪಾನ ಮಾಡಿಕೊಂಡು ಜಿಲ್ಲೆಯ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸುವುದು ಉಳಿದ ದಾರಿ.

ಈ ಬಾಗಿಲು ಎಲ್ಲರಿಗೂ ತೆರೆಯುವುದಿಲ್ಲ ಅನ್ನುವುದೂ ಗೊತ್ತಿರಬೇಕು. ಗುಮಾಸ್ತೆ ಕೆಲಸ, ತಾಂತ್ರಿಕ ಕೆಲಸ, ಕೈ ಕೆಲಸ ಮಾಡುವವರು ಸಂಬಳ ಎಷ್ಟೇ ಇದ್ದರೂ ಕಾನೂನಿನ ಪ್ರಕಾರ ಕೆಲಸಗಾರರೇ. ಮೇಲ್ವಿಚಾರಣೆ ಮಾಡುವವರಾದರೆ ತಿಂಗಳ ಸಂಬಳ 18,000 ರೂಪಾಯಿ ದಾಟಿದ್ದರೆ ಹೊರಗೆ. ಆಡಳಿತ ನಡೆಸುವ ಮ್ಯಾನೇಜರುಗಳು ಹೇಗೂ ಹೊರಗೆ. ಆದರೆ ಬಾಗಿಲ ಮೇಲಿನ ಬೋರ್ಡಿನಿಂದ ಇದು ತೀರ್ಮಾನ ಆಗುವುದಿಲ್ಲ. ದಿನವಿಡೀ ಮಾಡುವ ಮುಖ್ಯ ಕೆಲಸ ಯಾವುದು ಅಂತ ನ್ಯಾಯಾಲಯ ನೋಡುತ್ತದೆ. ಹಿರಿಯರಿಗೆ ಇದ್ದಕ್ಕಿದ್ದಂತೆ ‘ಸೀನಿಯರ್ ಅಡ್ವೈಸರ್’ ಅನ್ನುವ ಹುದ್ದೆ ಕೊಟ್ಟು ಶಾಲು ಹೊದಿಸಿದಾಗ ಇದು ನೆನಪಿರಲಿ. ಸಲಹೆ ಕೇಳುವವರು ಯಾರೂ ಇಲ್ಲದ ಸಲಹೆಗಾರನ ಹುದ್ದೆ ಅದು. ಒಪ್ಪಿಕೊಳ್ಳುವ ಮುಂಚೆ ‘ಈ ಹುದ್ದೆಯ ಕೆಲಸಗಳೇನು?’ ಅಂತ ಬರವಣಿಗೆಯಲ್ಲಿ ಕೇಳಬೇಕು.

ಕೆಲಸ ಹಂಚುವ ಅಧಿಕಾರ ಮಾಲೀಕರಿಗಿದೆ ಅನ್ನುವುದೂ ನಿಜ. ಸ್ಟಾಕ್ ಸ್ಟೇಟ್‌ಮೆಂಟ್ ಯಾರು ಮಾಡಬೇಕು ಅಂತ ಯಾವ ಅಧಿಕಾರಿಯೂ ಬಂದು ಹೇಳುವುದಿಲ್ಲ. ಆದರೆ ಸಂಬಳ, ಭತ್ಯೆ, ಕೆಲಸದ ಸಮಯ, ಗ್ರೇಡು ಇಂಥವುಗಳನ್ನು ಕೆಲಸಗಾರನಿಗೆ ನಷ್ಟ ಆಗುವ ಹಾಗೆ ಬದಲಾಯಿಸುವುದಾದರೆ 21 ದಿನ ಮುಂಚೆ ನೋಟಿಸ್ ಕೊಡಬೇಕು.

ರಾಜೀನಾಮೆಯ ಲೆಕ್ಕ

ಇಷ್ಟೆಲ್ಲ ಆದ ಮೇಲೆ ಒಂದು ದಿನ ಒಳಗೆ ಕರೆದು ಚಹಾ ತರಿಸುತ್ತಾರೆ. ‘ಸಾರ್, ಸುಮ್ನೆ ಯಾಕೆ ಕಷ್ಟಪಡ್ತೀರಿ? ಮೊಮ್ಮಕ್ಕಳ ಜೊತೆ ಆರಾಮಾಗಿರಿ. ಒಂದು ರಾಜೀನಾಮೆ ಪತ್ರ ಬರೆದುಕೊಡಿ, ಎಲ್ಲಾ ಸೆಟ್ಲ್ ಮಾಡ್ತೀವಿ.’ ನೊಂದ ಮನುಷ್ಯ ಅಲ್ಲೇ ಬರೆದುಕೊಟ್ಟು ಬರುತ್ತಾನೆ. ಮನಸ್ಸಿಗೆ ಆ ಸಂಜೆ ಹಗುರ ಅನ್ನಿಸುತ್ತದೆ. ಲೆಕ್ಕ ಆಮೇಲೆ ಶುರುವಾಗುತ್ತದೆ.

ನಮ್ಮ ಹಿರಿಯರಿಗೆ ಒಟ್ಟು ಸಂಬಳ 40,000, ಅದರಲ್ಲಿ ಬೇಸಿಕ್ ಮತ್ತು ಡಿಎ ಸೇರಿ 26,000 ಅಂದುಕೊಳ್ಳಿ. ಗ್ರಾಚ್ಯುಯಿಟಿ ಲೆಕ್ಕ ಸುಲಭ. ಕೊನೆಯ ತಿಂಗಳ ಆ 26,000ವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 15,000. ಅದು ಒಂದು ವರ್ಷದ ಸರ್ವಿಸಿಗೆ. ಈಗ ಬಿಟ್ಟರೆ 28 ವರ್ಷಕ್ಕೆ 4,20,000 ರೂಪಾಯಿ. 60ರವರೆಗೆ ಇದ್ದು, ಅಷ್ಟರಲ್ಲಿ ಬೇಸಿಕ್, ಡಿಎ 28,600 ಆದರೆ ವರ್ಷಕ್ಕೆ 16,500ರಂತೆ 31 ವರ್ಷಕ್ಕೆ 5,11,500. ಇಲ್ಲಿ ವ್ಯತ್ಯಾಸ 91,500. ಕಳೆದುಕೊಂಡ ಮೂರು ವರ್ಷದ ಸಂಬಳ, ಈಗಿನ ದರದಲ್ಲೇ ಹಿಡಿದರೂ 14,40,000. ‘ಎಲ್ಲಾ ಸೆಟ್ಲ್ ಮಾಡ್ತೀವಿ’ ಅಂದವರು ಕೊಡುವುದು ಹೇಗೂ ಕೊಡಲೇಬೇಕಾದ ಗ್ರಾಚ್ಯುಯಿಟಿಯನ್ನು. ಐದು ವರ್ಷ ಸರ್ವಿಸ್ ಆದವರು ರಾಜೀನಾಮೆ ಕೊಟ್ಟರೂ ಅದು ಸಿಗುತ್ತದೆ, ಯಾರ ದಯೆಯೂ ಅಲ್ಲ. ಹಾಗಾಗಿ ‘ಗ್ರಾಚ್ಯುಯಿಟಿ ಬಿಟ್ಟು ಬೇರೆ ಎಷ್ಟು ಕೊಡುತ್ತೀರಿ?’ ಅನ್ನುವುದು ಕೇಳಬೇಕಾದ ಪ್ರಶ್ನೆ. ಮೂರು ವರ್ಷದ ಸಂಬಳದ ಹತ್ತಿರಕ್ಕೆ ಬರುವ ಮೊತ್ತ ಲಿಖಿತವಾಗಿ ಬಂದರೆ ಯೋಚಿಸಲಿ, ಅದರಲ್ಲಿ ತಪ್ಪಿಲ್ಲ.

ಪಿಎಫ್ ಪಿಂಚಣಿ ಪೂರ್ತಿ ಸಿಗುವುದು 58ಕ್ಕೆ. ಕೆಲಸ ಬಿಟ್ಟ ತಕ್ಷಣ ಕೈ ಖಾಲಿ ಅಂತ 57ಕ್ಕೇ ಅರ್ಜಿ ಹಾಕಿದರೆ ಶೇ. 4ರಷ್ಟು ಕಡಿಮೆಯಾಗುತ್ತದೆ, ಅದು ಆ ಒಂದು ವರ್ಷಕ್ಕಲ್ಲ, ಬದುಕಿರುವವರೆಗೂ. ಕೆಲಸ ಬಿಟ್ಟಿದ್ದರೂ 58 ತುಂಬುವವರೆಗೆ ಕಾದು ಅರ್ಜಿ ಹಾಕಲು ಅಡ್ಡಿಯಿಲ್ಲ.

ದುಡ್ಡಿಗಿಂತ ದೊಡ್ಡ ನಷ್ಟ ಇನ್ನೊಂದಿದೆ. ಕಂಪನಿಯೇ ತೆಗೆದುಹಾಕಿದರೆ ಯಾಕೆ ತೆಗೆದೆವು ಅಂತ ಅವರು ಕಾರಣ ಹೇಳಬೇಕು. ರಾಜೀನಾಮೆ ಕೊಟ್ಟರೆ ಅದು ಸ್ವಂತ ಇಷ್ಟದಿಂದ ಕೊಟ್ಟದ್ದು ಅಂತಲೇ ಮೊದಲು ತಿಳಿಯುತ್ತಾರೆ. ಒತ್ತಾಯದಿಂದ ಬರೆಸಿಕೊಂಡರು ಅಂತ ತೋರಿಸಿಕೊಡುವ ಭಾರ ಬರೆದವರ ತಲೆಯ ಮೇಲೆ. ‘ವೈಯಕ್ತಿಕ ಕಾರಣದಿಂದ’ ಅನ್ನುವ ಎರಡು ಪದ ಆ ಪತ್ರದಲ್ಲಿದ್ದರೆ ಮುಗಿದೇ ಹೋಯಿತು. ಬರೆದುಕೊಟ್ಟು ಮನೆಗೆ ಬಂದ ಮೇಲೆ ತಪ್ಪಾಯಿತು ಅನ್ನಿಸಿದರೆ ತಡ ಮಾಡಬಾರದು. ರಾಜೀನಾಮೆ ಅಂಗೀಕಾರವಾಗಿ ಜಾರಿಗೆ ಬರುವ ಮುಂಚೆ ಸಾಮಾನ್ಯವಾಗಿ ಹಿಂತೆಗೆದುಕೊಳ್ಳಬಹುದು. ಅದೇ ರಾತ್ರಿ ಇಮೇಲ್, ಮರುದಿನ ಅಂಚೆ ಕಚೇರಿಯಿಂದ ದಾಖಲೆ ಉಳಿಯುವ ಹಾಗೆ ಒಂದು ಪ್ರತಿ.

ರಾಜೀನಾಮೆ ಕೊಡಲ್ಲ ಅಂದವರಿಗೆ ಮುಂದಿನ ಕಾಗದ ಹೆಚ್ಚಾಗಿ ವರ್ಗಾವಣೆಯದ್ದು. ನಮ್ಮ ಹಿರಿಯರಿಗೆ ಹಿರಿಯೂರು ಡಿಪೋ ಅಂತ ಬರುತ್ತದೆ. ದಾವಣಗೆರೆಯಿಂದ ಚಿತ್ರದುರ್ಗ ದಾಟಿ ಹೆಚ್ಚುಕಮ್ಮಿ ನೂರು ಕಿಲೋಮೀಟರ್. ಅಲ್ಲಿ ಲೆಕ್ಕದ ಕೆಲಸವೇ ಇಲ್ಲ, ಮೂಟೆ ಎಣಿಸುವವರಿದ್ದಾರೆ ಅಷ್ಟೆ. ಆಡಳಿತದ ನೀತಿ ಅನ್ನುವ ನೆಪದಲ್ಲಿ ದುರುದ್ದೇಶದಿಂದ ವರ್ಗ ಮಾಡುವುದನ್ನು ಸಂಹಿತೆಯ ಎರಡನೇ ಅನುಸೂಚಿ ಅನುಚಿತ ಕಾರ್ಮಿಕ ಪದ್ಧತಿ ಅಂತಲೇ ಹೆಸರಿಸಿದೆ. ಆದರೆ ‘ನಾನು ಹೋಗಲ್ಲ’ ಅಂತ ಮನೆಯಲ್ಲಿ ಕೂತರೆ, ಆದೇಶ ಪಾಲಿಸಲಿಲ್ಲ, ರಜೆ ಇಲ್ಲದೆ ಗೈರಾದರು ಅನ್ನುವುದೇ ದುರ್ನಡತೆ ಆಗುತ್ತದೆ. ಅವರಿಗೆ ಬೇಕಾಗಿದ್ದೂ ಅದೇ ಇರಬಹುದು. ‘ಈ ವರ್ಗಾವಣೆಗೆ ನನ್ನ ಆಕ್ಷೇಪ ಇದೆ, ಅದನ್ನು ಉಳಿಸಿಕೊಂಡೇ ಹಾಜರಾಗುತ್ತಿದ್ದೇನೆ’ ಅಂತ ಬರೆದುಕೊಟ್ಟು, ಹಿರಿಯೂರಿಗೆ ಹೋಗಿ ಹಾಜರಿ ಹಾಕಬೇಕು. ಅಲ್ಲಿ ಕೊಟ್ಟ ಕೆಲಸ ಏನು, ಯಾವ ದಿನ ಏನೂ ಕೊಡಲಿಲ್ಲ ಅಂತ ಬರೆದಿಡುತ್ತಾ ಹೋಗಬೇಕು. ಆಮೇಲೆ ಸಮಿತಿಗೆ ಅರ್ಜಿ. ಅದರ ಜೊತೆಗೆ ಆ ಮೊದಲ ಪತ್ರದ ಸೀಲು ಬಿದ್ದ ಪ್ರತಿ, ಮಾರ್ಚಿನ ವರದಿ, ಅದಕ್ಕಿಂತ ಹಿಂದಿನ ಎರಡು ಮೂರು ವರ್ಷದ ಒಳ್ಳೆಯ ವರದಿಗಳು ಇರಬೇಕು. ತಾರೀಕಿನ ಪ್ರಕಾರ ಜೋಡಿಸಿ.